ಟೇಲರ್ ರೂಲ್ ಹಾಕಿದ್ರೆ ರೆಪೊ ಸೊನ್ನೆಗಿಂತ ಕೆಳಗೆ ಬರ್ತಿದೆ, ಆರ್‌ಬಿಐ ಮಾತ್ರ 5.25ರಲ್ಲಿದೆ. ನನ್ನ ಲೆಕ್ಕದಲ್ಲಿ ಏನ್ ತಪ್ಪು?

ಮಲ್ಲೇಶ್ವರಂ ಮಂಜು

ಎಲ್ರಿಗೂ ನಮಸ್ಕಾರ. 2025ರ ಡಿಸೆಂಬರ್ 5ಕ್ಕೆ ಆರ್‌ಬಿಐ ರೆಪೊನ 5.50ರಿಂದ 5.25ಕ್ಕೆ ಇಳಿಸಿದ್ಮೇಲೆ ನಮ್ಮ ಆಫೀಸ್ ಕ್ಯಾಂಟೀನಲ್ಲಿ ವಾದ ಶುರುವಾಯ್ತು, ಇನ್ನೆಷ್ಟು ಇಳೀಬಹುದು ಅಂತ. ಕಾಲೇಜಲ್ಲಿ ಓದಿದ್ದ, ಹಣದುಬ್ಬರ ನೋಡಿ ಬಡ್ಡಿ ಎಷ್ಟಿರ್ಬೇಕು ಅಂತ ಹೇಳೋ ಟೇಲರ್ ರೂಲ್ ನೆನಪಿಗೆ ಬಂತು, ಕೂತು ಒಂದು ಶೀಟ್ ಮಾಡ್ದೆ. ಇಷ್ಟೇ ಇರೋದು:

```
=B1+B2+0.5*(B2-B3)+0.5*B4
```

B1ನಲ್ಲಿ ಹಣದುಬ್ಬರ ಕಳೆದು ಉಳಿಯೋ ನ್ಯೂಟ್ರಲ್ ಬಡ್ಡಿ, ಅಂದ್ರೆ ಆರ್ಥಿಕತೆನ ಮುಂದಕ್ಕೂ ತಳ್ಳದ ಹಿಂದಕ್ಕೂ ಎಳೆಯದ ಬಡ್ಡಿ. 2024ರ ಜುಲೈ ಆರ್‌ಬಿಐ ಬುಲೆಟಿನ್‌ನಲ್ಲಿ ಅವರ ಸಂಶೋಧಕರೇ 1.4ರಿಂದ 1.9 ಅಂತ ಅಂದಾಜು ಕೊಟ್ಟಿದ್ರು, ನಾನು 1.5 ಹಾಕಿದೀನಿ. B2 ಅಕ್ಟೋಬರ್ ತಿಂಗಳ ಸಿಪಿಐ ಹಣದುಬ್ಬರ, 0.25. B3 ಹಣದುಬ್ಬರದ ಗುರಿ, 4. B4 ಔಟ್‌ಪುಟ್ ಗ್ಯಾಪ್, ಅದು ಎಲ್ಲಿ ಸಿಗುತ್ತೆ ಅಂತ ತಿಳೀದೆ ಸೊನ್ನೆ ಹಾಕ್ದೆ. ಎಂಟರ್ ಒತ್ತಿದ್ರೆ ಮೈನಸ್ 0.125 ಬಂತು! ಮೂರು ಸಲ ಚೆಕ್ ಮಾಡ್ದೆ. ಅಂದ್ರೆ ಈ ರೂಲ್ ಪ್ರಕಾರ ರೆಪೊ ಸೊನ್ನೆಗಿಂತ ಕೆಳಗಿರ್ಬೇಕು, ಇವ್ರು ಕಾಲು ಪರ್ಸೆಂಟ್ ಇಳಿಸಿ ಸುಮ್ನಾಗಿದಾರೆ. ನಾನು ತಪ್ಪಾ, ರೂಲ್ ತಪ್ಪಾ, ಇಲ್ಲ ಆರ್‌ಬಿಐ ತಪ್ಪಾ?

ಹುಬ್ಬಳ್ಳಿ ಹೈದ

ಮಂಜಣ್ಣ, ನೀವು ಹಣದುಬ್ಬರನ ಎರಡು ಸಲ ಹಾಕೀರಿ ನೋಡ್ರಿ. ಒಮ್ಮೆ B2 ಅಂತ, ಇನ್ನೊಮ್ಮೆ ಬ್ರಾಕೆಟ್ ಒಳಗ. ಅಷ್ಟು ಬ್ಯಾಡ್ರಿ. ನ್ಯೂಟ್ರಲ್ 1.5, ಗುರಿ 4, ಕೂಡಿಸಿದ್ರ 5.5, ಇದು ಎಲ್ಲಾ ಸರಿ ಇದ್ದಾಗ ಇರಬೇಕಾದ ರೇಟು. ಈಗ ಹಣದುಬ್ಬರ ಗುರಿಗಿಂತ 3.75 ಕೆಳಗೈತಿ, ಅದರ ಅರ್ಧ ಅಂದ್ರ 1.9. 5.5ರಾಗ 1.9 ಕಳೀರಿ, 3.6. ರೂಲ್ ಹೇಳೋದು ಇಷ್ಟ. ಹಣದುಬ್ಬರ ಒಂದ್ ಪರ್ಸೆಂಟ್ ಇಳಿದ್ರ ರೇಟು ಅರ್ಧ ಪರ್ಸೆಂಟ್ ಇಳಿಸ್ರಿ, ಏರಿದ್ರ ಅರ್ಧ ಏರಿಸ್ರಿ. ಆ ಲೆಕ್ಕದಾಗ ಆರ್‌ಬಿಐ ಇನ್ನೂ ಒಂದೂವರಿ ಪರ್ಸೆಂಟ್ ಹಿಂದ ಬಿದ್ದೈತಿ.

ಸಾಲದ ಸುಬ್ಬಣ್ಣ

ರೂಲ್ ಏನೋ ಇರ್ಲಿ ಸ್ವಾಮಿ, ನನ್ನ ಪ್ರಶ್ನೆ ಒಂದೇ. ಫೆಬ್ರವರಿಯಿಂದ ಒಟ್ಟು ಒಂದೂಕಾಲು ಪರ್ಸೆಂಟ್ ಇಳಿಸಿದಾರೆ ಅಂತ ಟಿವೀಲಿ ಬಾಯಿ ಬಡ್ಕೊಂತಾರೆ, ನನ್ನ ಇಎಂಐ ಒಂದ್ ರೂಪಾಯಿನೂ ಕಮ್ಮಿ ಆಗಿಲ್ಲ. 2021ರಲ್ಲಿ ತಗೊಂಡ 30 ಲಕ್ಷದ ಸಾಲ, 20 ವರ್ಷಕ್ಕೆ, ಅವತ್ತು 6.7 ಬಡ್ಡಿ, ಇಎಂಐ 22,722. ಇವತ್ತಿಗೂ ಅದೇ 22,722. ಯಾವ ಟೇಲರ್ರು ಹೊಲಿದ್ರೂ ನಮ್ಮ ಅಂಗಿ ಮಾತ್ರ ಬಿಗೀನೇ.

ಮೈಸೂರ್ ಮೇಡಂ

ಸುಬ್ಬಣ್ಣ ಅವರೇ, ನಿಮ್ಮ ಸಾಲದ ವಿಷಯಕ್ಕೆ ಆಮೇಲೆ ಬರ್ತೀನಿ, ಅದಕ್ಕೂ ಈ ರೂಲಿಗೂ ಸಂಬಂಧ ಇದೆ.

ಮೊದಲು ಹುಬ್ಬಳ್ಳಿಯವರಿಗೆ. 5.5ರ ತನಕ ನಿಮ್ಮದು ಸರಿ, ಮುಂದಿನದು ತಪ್ಪು. ಹಣದುಬ್ಬರ ಎರಡು ಕಡೆ ಬರೋದು ಟೇಲರ್ ಬೇಕಂತಲೇ ಇಟ್ಟಿದ್ದು. ಅವರು 1993ರಲ್ಲಿ ಬರೆದ ಮೂಲ ಸಮೀಕರಣದಲ್ಲೂ ಹಾಗೇ ಇದೆ, ಅಮೆರಿಕಕ್ಕೆ ಗುರಿ 2, ನ್ಯೂಟ್ರಲ್ 2. ಎರಡೂ ಸೇರಿದ್ರೆ ಹಣದುಬ್ಬರ ಒಂದು ಏರಿದಾಗ ಬಡ್ಡಿ ಒಂದೂವರೆ ಏರುತ್ತೆ, ಅರ್ಧ ಅಲ್ಲ.

ಯಾಕೆ ಅಂತ ಒಬ್ಬ ಬೇಳೆ ಸಗಟು ವ್ಯಾಪಾರಿನ ಇಟ್ಕೊಂಡು ನೋಡಿ. 9 ಪರ್ಸೆಂಟಿಗೆ ಓವರ್‌ಡ್ರಾಫ್ಟ್ ಸಾಲ ತಗೊಂಡು ಗೋಡೌನ್ ತುಂಬ್ತಾನೆ, ಬೇಳೆ ಬೆಲೆ ವರ್ಷಕ್ಕೆ 5 ಏರ್ತಿದೆ ಅಂದ್ರೆ ಮಾಲು ಹಿಡಿದಿಟ್ಟುಕೊಳ್ಳೋದಕ್ಕೆ ಅವನಿಗೆ ನಿಜವಾಗಿ ಬೀಳೋ ಖರ್ಚು 4. ಈಗ ಬೆಲೆ ಏರಿಕೆ 7ಕ್ಕೆ ಹೋಯ್ತು. ನಿಮ್ಮ ಲೆಕ್ಕದ ಹಾಗೆ ಅರ್ಧ ಅರ್ಧ ಅಂತ ಬಡ್ಡಿ 1 ಏರಿಸಿ 10 ಮಾಡಿದ್ರೆ ಅವನ ಖರ್ಚು 3ಕ್ಕೆ ಇಳೀತು! ಅವನು ಇನ್ನೊಂದು ಗೋಡೌನ್ ಬಾಡಿಗೆಗೆ ಹುಡುಕ್ತಾನೆ. ನೀವು ಬಡ್ಡಿ ಏರಿಸ್ದೆ ಅಂದ್ಕೊಂಡಿರ್ತೀರಿ, ಅವನ ಕಣ್ಣಿಗೆ ಸಾಲ ಅಗ್ಗ ಆಗಿರುತ್ತೆ. ಒಂದೂವರೆ ಲೆಕ್ಕದಲ್ಲಿ 3 ಏರಿಸಿ 12 ಮಾಡಿದ್ರೆ ಖರ್ಚು 5, ಆಗ ಮಾಲು ಹೊರಗೆ ಬರುತ್ತೆ. ಅಮೆರಿಕದಲ್ಲಿ 70ರ ದಶಕದಲ್ಲಿ ಆದ ಎಡವಟ್ಟನ್ನ ಎಷ್ಟೋ ಜನ ಹೀಗೇ ವಿವರಿಸ್ತಾರೆ, ಬಡ್ಡಿ ಏರ್ತಾನೇ ಇತ್ತು, ಹಣದುಬ್ಬರ ಅದಕ್ಕಿಂತ ಜೋರಾಗಿ ಏರ್ತಿತ್ತು.

ಹಾಗಾಗಿ ಮಂಜು ಅವರ ಕೂಡೋ ಕಳೆಯೋ ಲೆಕ್ಕ ಸರಿ ಇದೆ. ತಪ್ಪು ಇರೋದು B2ನಲ್ಲಿ ಏನು ಹಾಕಿದ್ರಿ ಅನ್ನೋದ್ರಲ್ಲಿ.

ಹುಬ್ಬಳ್ಳಿ ಹೈದ

ಹೌದಲ್ರೀ ಮೇಡಂ, ಬೇಳೆ ಲೆಕ್ಕ ಹೇಳಿದ ಮ್ಯಾಲೆ ತಲ್ಯಾಗ ಹೊಕ್ತು. ನಮ್ಮ ಕಾಕಾ ಅಮರಗೋಳ ಮಾರ್ಕೆಟ್ಟಿನಾಗ ಇದ ಧಂದೆ ಮಾಡ್ತಾನ, ಸಾಲದ ರೇಟು ಕೇಳೂದಕ್ಕಿಂತ ಮೊದಲ ಮುಂದಿನ ತಿಂಗಳ ಧಾರಣಿ ಕೇಳ್ತಾನ.

ಕುಂದಾಪ್ರ ಭಟ್ರು

ನಾನು ಬ್ಯಾಂಕಿನಲ್ಲಿ 34 ವರ್ಷ ದುಡಿದು ರಿಟೈರ್ ಆದವ, ಒಂದು ಮಾತು ಹೇಳ್ತೇನೆ. ಮಂಜುನಾಥರೇ, ನಿಮ್ಮ B4 ಸೊನ್ನೆ ಹೇಗೆ ಆಗ್ತದೆ ಮಾರಾಯ್ರೆ? ಜುಲೈ ಸೆಪ್ಟೆಂಬರ್‌ನಲ್ಲಿ ಜಿಡಿಪಿ 8.2 ಬೆಳೆದಿದೆ ಅಂತ ಪೇಪರಿನಲ್ಲಿ ಬಂದಿದೆ ಅಲ್ವಾ. ಅದನ್ನು ಹಾಕಿ, ಅರ್ಧ ಅಂದ್ರೆ 4.1, ಮೈನಸ್ 0.1 ಹೋಗಿ 4 ಆಯ್ತು. ಆಗ ಆರ್‌ಬಿಐ ಅಷ್ಟೇನೂ ದೂರ ಇಲ್ಲ. ಮತ್ತೆ ಈ ರೇಟು ಇಳಿಸ್ತಾ ಹೋದ್ರೆ ನಮ್ಮಂಥವರ ಎಫ್‌ಡಿ ಗತಿ ಏನು ಅಂತ ಯಾವ ಫಾರ್ಮುಲದಲ್ಲೂ ಇಲ್ಲ, ಅದು ಬೇರೆ ವಿಷಯ.

ಮೈಸೂರ್ ಮೇಡಂ

ಭಟ್ರೇ, ತುಂಬ ಜನ ಎಡವೋ ಜಾಗ ಅದು. ಬೆಳವಣಿಗೆ ದರ ಬೇರೆ, ಗ್ಯಾಪ್ ಬೇರೆ. ಆರ್ಥಿಕತೆ ತನ್ನ ಶಕ್ತಿಗೆ ತಕ್ಕ ಮಟ್ಟಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ನಿಂತಿದೆ ಅನ್ನೋದು ಗ್ಯಾಪ್, ಎಷ್ಟು ಜೋರಾಗಿ ಓಡ್ತಿದೆ ಅನ್ನೋದಲ್ಲ.

2021ರ ಏಪ್ರಿಲ್‌ನಿಂದ ಜೂನ್ ನೆನಪಿಸ್ಕೊಳ್ಳಿ. ಜಿಡಿಪಿ 20.1 ಪರ್ಸೆಂಟ್ ಬೆಳೀತು ಅಂತ ದೊಡ್ಡ ಅಕ್ಷರದಲ್ಲಿ ಬಂತು. ನಿಮ್ಮ ಲೆಕ್ಕದಂತೆ B4ಗೆ 20 ಹಾಕಿದ್ರೆ ಬಡ್ಡಿನ 10 ಪರ್ಸೆಂಟ್ ಏರಿಸ್ಬೇಕಿತ್ತು! ಆದ್ರೆ ಆ ಮೂರು ತಿಂಗಳ ಜಿಡಿಪಿ 32.38 ಲಕ್ಷ ಕೋಟಿ, ಎರಡು ವರ್ಷ ಹಿಂದಿನ, ಅಂದ್ರೆ 2019ರ ಅದೇ ಮೂರು ತಿಂಗಳದ್ದು 35.66 ಲಕ್ಷ ಕೋಟಿ. ಲಾಕ್‌ಡೌನ್‌ನಲ್ಲಿ ಬಾವಿಗೆ ಬಿದ್ದಿದ್ವಿ, ಅರ್ಧಕ್ಕಿಂತ ಜಾಸ್ತಿ ಹತ್ತಿದ್ವಿ, ಇನ್ನೂ ಕಟ್ಟೆ ಕೈಗೆ ಸಿಕ್ಕಿರಲಿಲ್ಲ. ಗ್ಯಾಪ್ ಆಗ ಮೈನಸ್, ಅದೂ ಸಣ್ಣ ಮೈನಸ್ ಅಲ್ಲ.

ಆ ಕಟ್ಟೆ ಎಲ್ಲಿದೆ ಅನ್ನೋದೇ ಕಣ್ಣಿಗೆ ಕಾಣಲ್ಲ, ಅದು ತಲೆನೋವು. ಹಳೇ ಜಿಡಿಪಿ ಅಂಕಿಗಳ ಮೇಲೆ ಒಂದು ನಯವಾದ ಗೆರೆ ಎಳೆದು ಅದನ್ನೇ ಶಕ್ತಿ ಅಂತ ಕರೀತಾರೆ. ಗೆರೆಯ ಮಧ್ಯಭಾಗ ನಂಬಬಹುದು, ತುದಿ ನಂಬೋಕಾಗಲ್ಲ, ಮುಂದಿನ ವರ್ಷದ ಅಂಕಿ ಸೇರಿಸಿದ ಕೂಡಲೇ ಈ ವರ್ಷದ ಗ್ಯಾಪ್ ಪ್ಲಸ್ ಇದ್ದದ್ದು ಮೈನಸ್ ಆಗ್ಬಹುದು. ಬಡ್ಡಿ ನಿರ್ಧಾರ ಮಾಡೋರಿಗೆ ಬೇಕಾಗಿರೋದು ಆ ತುದಿಯೇ. ಅದಕ್ಕೇ ಮಂಜು ಸೊನ್ನೆ ಹಾಕಿದ್ದು ಪ್ರಾಮಾಣಿಕವಾಗಿದೆ, ನಾನಾದ್ರೂ ಈಗ ಮೈನಸ್ ಅರ್ಧದಿಂದ ಪ್ಲಸ್ ಅರ್ಧದ ಒಳಗೆ ಏನೋ ಒಂದು ಹಾಕ್ತಿದ್ದೆ, ಅದ್ರಿಂದ ಬಡ್ಡಿ ಕಾಲು ಪರ್ಸೆಂಟ್ ಆಚೀಚೆ ಆಗುತ್ತೆ ಅಷ್ಟೇ.

ಕೋಲಾರ ಮಂಡಿ

ಮೇಡಂ B2ನಲ್ಲಿ ತಪ್ಪು ಅಂದ್ರಿ, ಅದು ಹೇಳಿ. 0.25 ಅನ್ನೋದು ಸರ್ಕಾರದ್ದೇ ನಂಬರ್ ತಾನೆ?

ಮೈಸೂರ್ ಮೇಡಂ

ನಂಬರ್ ಸರ್ಕಾರದ್ದೇ, ಈ ಸರಣಿಯಲ್ಲೇ ಅತಿ ಕಮ್ಮಿ. ಆದ್ರೆ ಒಳಗೆ ಬಗ್ಗಿ ನೋಡಿ. ಅಕ್ಟೋಬರ್‌ನಲ್ಲಿ ಆಹಾರದ ಬೆಲೆ ಹಿಂದಿನ ವರ್ಷದ ಅಕ್ಟೋಬರ್‌ಗಿಂತ 5 ಪರ್ಸೆಂಟ್ ಕೆಳಗಿತ್ತು. ಹಿಂದಿನ ಅಕ್ಟೋಬರ್‌ನಲ್ಲಿ ಸಿಪಿಐ 6.21 ಇತ್ತು, ತರಕಾರಿ ಬೆಂಕಿ ಆಗಿತ್ತು, ಅದಕ್ಕೆ ಹೋಲಿಸಿದ್ರೆ ಈ ಸಲದ್ದು ಇನ್ನೂ ಕೆಳಗೆ ಕಾಣುತ್ತೆ. ಅದರ ಮೇಲೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳೀತು. ಆ ಸಿಪಿಐ ಬುಟ್ಟಿಯಲ್ಲಿ ಊಟ ತಿಂಡಿದೇ 46 ಪರ್ಸೆಂಟ್ ಹತ್ರ ಇತ್ತು, ಹಾಗಾಗಿ ಇಡೀ ನಂಬರನ್ನೇ ಎಳೆದು ಬಿಡ್ತು. ಆಹಾರ, ಇಂಧನ ಬಿಟ್ಟು ನೋಡಿದ್ರೆ, ಕೋರ್ ಅಂತಾರಲ್ಲ ಅದು, 4.4ರ ಆಸುಪಾಸಿನಲ್ಲಿತ್ತು.

ಮಂಜು, ನಿಮ್ಮ ಶೀಟಿನಲ್ಲಿ B2ಗೆ 4.4 ಹಾಕಿ. 1.5 ಕೂಡಿಸು 4.4 ಕೂಡಿಸು 0.2. ಎಷ್ಟಾಯ್ತು, 6.1. ಒಂದೇ ತಿಂಗಳು, ಒಂದೇ ದೇಶ, ಒಂದೇ ರೂಲ್, ಒಂದು ಕಡೆ ಮೈನಸ್ 0.1, ಇನ್ನೊಂದು ಕಡೆ 6.1. ಕೋರ್ ಒಳಗೂ ಚಿನ್ನ ಕೂತಿದೆ, ಆ ಬೆಲೆ ಈ ವರ್ಷ ಎಲ್ಲಿಗೆ ಹೋಯ್ತು ಅಂತ ಮದುವೆ ಮಾಡಿದವರನ್ನ ಕೇಳಿ, ಅದನ್ನ ತೆಗೆದ್ರೆ 6.1 ಇನ್ನೊಂದಿಷ್ಟು ಇಳಿಯುತ್ತೆ.

ಮೂರನೇ ದಾರಿನೂ ಇದೆ. ಇವತ್ತು ರೆಪೊ ಬದಲಿಸಿದ್ರೆ ಅದು ಬೆಲೆ ತನಕ ತಲುಪೋದಕ್ಕೆ ಮೂರ್ನಾಲ್ಕು ತ್ರೈಮಾಸಿಕ ಬೇಕು, ಹಾಗಾಗಿ ನಿನ್ನೆಯ ಹಣದುಬ್ಬರ ಯಾಕೆ ಹಾಕ್ಬೇಕು, ಮುಂದೆ ಬರೋದು ಹಾಕಿ. ಡಿಸೆಂಬರ್ ಪಾಲಿಸಿಯಲ್ಲಿ ಆರ್‌ಬಿಐ 2026ರ ಜುಲೈ ಸೆಪ್ಟೆಂಬರ್‌ಗೆ ಕೊಟ್ಟಿರೋ ಅಂದಾಜು 4.0. B2ಗೆ 4 ಹಾಕಿದ್ರೆ ಬ್ರಾಕೆಟ್ ಸೊನ್ನೆ, ಉತ್ತರ 5.5. ನ್ಯೂಟ್ರಲ್ 1.4 ಅಂತ ಹಿಡಿದ್ರೆ 5.4, 1.9 ಹಿಡಿದ್ರೆ 5.9. ರೆಪೊ ಇರೋದು 5.25.

ಮಲ್ಲೇಶ್ವರಂ ಮಂಜು

ಅಯ್ಯೋ, ಹಾಗಾದ್ರೆ ನನಗೆ ಬೇಕಾದ ಉತ್ತರ ಬರೋ ತರ B2 ಆರಿಸ್ಕೊಂಡ್ರೆ ಆಯ್ತಲ್ಲ? ಇದನ್ನ ರೂಲ್ ಅಂತ ಯಾಕೆ ಕರೀಬೇಕು?

ಕೋಲಾರ ಮಂಡಿ

ಮಂಜಣ್ಣ ಕೇಳಿದ್ದು ನನ್ನ ಮನಸಲ್ಲೂ ಇತ್ತು, ಆದ್ರೆ ಊಟ ಬಿಟ್ಟು ಲೆಕ್ಕ ಹಾಕೋದು ಯಾಕೆ ಅನ್ನೋದು ನನಗೆ ಒಂದ್ ಸಲ ಮಂಡಿಯಲ್ಲೇ ಅರ್ಥ ಆಯ್ತು, ಹೇಳ್ತೀನಿ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು, ಲಾರಿಗೆ ಕಾವಲು ಹಾಕೊಂಡು ಕಳಿಸ್ತಿದ್ರು. ಆ ತಿಂಗಳು ಸಿಪಿಐ 7.44. ಮಂಜಣ್ಣನ ಫಾರ್ಮುಲಾ ಹಾಕಿದ್ರೆ ಈಗ ನೋಡ್ದೆ, 10.66 ಬರ್ತದೆ. ರೆಪೊ 6.50 ಇತ್ತು, ಆಗಸ್ಟ್ ಮೀಟಿಂಗಲ್ಲಿ ಮುಟ್ಟಲೇ ಇಲ್ಲ ಅವ್ರು.

ಆ ರೇಟು ನೋಡಿ ನಮ್ಮ ಕಡೆ ಮನೆಗೊಬ್ರು ನಾಟಿ ಮಾಡಿದ್ರು, ನಾನೂ ಮಾಡ್ದೆ ಒಂದ್ ಎಕ್ರೆ. ನಾಟಿ ಮಾಡಿ ಎರಡೂವರೆ ತಿಂಗಳಿಗೆ ಮೊದಲ ಕೀಳು ಬರೋ ಹೊತ್ತಿಗೆ ಎಲ್ಲರದ್ದೂ ಒಟ್ಟಿಗೆ ಬಂತು, ಬೆಲೆ ನೆಲ ಕಚ್ತು, ಕೀಳೋ ಕೂಲಿನೂ ಹುಟ್ಟಲಿಲ್ಲ. ಸೆಪ್ಟೆಂಬರ್ ಸಿಪಿಐ 5.02. ಅಂದ್ರೆ ಫಾರ್ಮುಲಾ ಜುಲೈನಲ್ಲಿ ಹತ್ತೂವರೆ ಅಂತು, ಸೆಪ್ಟೆಂಬರ್‌ಗೆ ಏಳು ಅಂತು. ಆರ್‌ಬಿಐ ಅದನ್ನ ನಂಬ್ಕೊಂಡು ಏರಿಸಿದ್ದಿದ್ರೆ, ಬಡ್ಡಿ ಬಿಸಿ ಜನಕ್ಕೆ ತಟ್ಟೋ ಹೊತ್ತಿಗೆ ಟೊಮೆಟೊ ತಿಪ್ಪೆಗೆ ಬಿದ್ದಿರ್ತಿತ್ತು. ಟೊಮೆಟೊಗೆ ಮದ್ದು ಟೊಮೆಟೊನೇ ಅಣ್ಣ, ರೆಪೊ ಅಲ್ಲ.

ಕುಂದಾಪ್ರ ಭಟ್ರು

ಟೊಮೆಟೊ ಒಪ್ಪಿದೆ. ಆದ್ರೆ ಬೇಳೆ, ಹಾಲು, ಅಕ್ಕಿ ವರ್ಷಗಟ್ಟಲೆ ಏರಿದ್ರೂ ಅದನ್ನು ಬದಿಗಿಡುವುದಾ? ಮನೆಯಲ್ಲಿ ಹೆಂಡತಿ ಕೋರ್ ಅಡುಗೆ ಮಾಡುವುದಿಲ್ಲ. ಹಾಲಿನ ರೇಟು ಏರಿತು ಅಂತ ಹೋಟೆಲಿನವ ಕಾಫಿಗೆ ಐದು ರೂಪಾಯಿ ಜಾಸ್ತಿ ಮಾಡಿದ್ರೆ, ಹಾಲು ಇಳಿದ ಮೇಲೆ ಕಾಫಿ ಇಳಿಸಿದ್ದು ಎಲ್ಲಿಯಾದ್ರೂ ಉಂಟಾ? 2023-24ರ ಆರ್ಥಿಕ ಸಮೀಕ್ಷೆಯಲ್ಲಿ ಗುರಿಯಿಂದಲೇ ಆಹಾರವನ್ನು ಬಿಡುವ ಮಾತು ಬಂದಾಗ ನನಗೆ ಸಿಟ್ಟೇ ಬಂದಿತ್ತು.

ಮೈಸೂರ್ ಮೇಡಂ

ಭಟ್ರ ಕಾಫಿ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆಹಾರದ ಏರಿಕೆ ಕೂಲಿಗೆ, ಹೋಟೆಲ್ ಬಿಲ್ಲಿಗೆ ಹರಡಿದ್ರೆ ಅದು ಕೋರ್‌ನಲ್ಲೂ ಬಂದು ಕೂರುತ್ತೆ, ಆಗ ಬದಿಗಿಡೋಕಾಗಲ್ಲ. ಹರಡುತ್ತೋ ಇಲ್ವೋ ಅನ್ನೋದು ಮಾತ್ರ ಅದಾದ್ಮೇಲೇ ಗೊತ್ತಾಗೋದು. ಕಾನೂನಿನ ಪ್ರಕಾರ ಇವತ್ತಿನ ಗುರಿ ಇಡೀ ಸಿಪಿಐ ಮೇಲೇ ಇದೆ, 4, ಆಚೀಚೆ 2. 2025ರ ಆಗಸ್ಟ್‌ನಲ್ಲಿ ಆರ್‌ಬಿಐ ಹೊರಡಿಸಿದ ಚರ್ಚಾ ಪತ್ರದಲ್ಲೂ ಇಡೀ ಸಿಪಿಐ ಬೇಕಾ, ಕೋರ್ ಬೇಕಾ ಅನ್ನೋದೇ ಮೊದಲಿನ ಪ್ರಶ್ನೆಗಳಲ್ಲಿ ಒಂದು.

ಸ್ಯಾನ್ ಹೋಸೆ ಸತೀಶ

ಮಂಜು ಕೇಳಿದ್ದಕ್ಕೆ, ಬೇಕಾದ ಉತ್ತರ ಬರೋ ತರ ಆರಿಸ್ಕೋಬಹುದಲ್ಲ ಅನ್ನೋದಕ್ಕೆ, ಇಲ್ಲಿನ ಒಂದು ಕಥೆ ಇದೆ. 2022ರ ಮಾರ್ಚ್ ತನಕ ಇಲ್ಲಿನ ಕೇಂದ್ರ ಬ್ಯಾಂಕ್ ಫೆಡ್ ರೇಟು ಸೊನ್ನೆ ಹತ್ರಾನೇ ಇತ್ತು, ನಾನಾಗ ಮನೆ ಹುಡುಕ್ತಿದ್ದೆ, ಇಲ್ಲಿ ಸೂಪರ್ ಮಾರ್ಕೆಟಲ್ಲಿ ಪ್ರತಿ ವಾರ ಬೆಲೆ ಚೀಟಿ ಬದಲಾಗ್ತಿತ್ತು. ಫೆಡ್ ನೋಡೋ ಹಣದುಬ್ಬರದ ಅಳತೆ, ಕೋರ್ ಪಿಸಿಇ, 5 ದಾಟಿತ್ತು. ಮೂಲ ಟೇಲರ್ ರೂಲ್‌ಗೆ 5 ಹಾಕಿದ್ರೆ 2+5+1.5, ಎಂಟೂವರೆ. ಎಲ್ರೂ ಏನಂದ್ರು, ಈ ರೂಲ್ ಬಿಡಪ್ಪ, ಎಂಟೂವರೆ ಅನ್ನೋದು ಹುಚ್ಚು ಅಂದ್ರು.

ಆಗ ಸೇಂಟ್ ಲೂಯಿಸ್ ಫೆಡ್‌ನ ಅಧ್ಯಕ್ಷ ಜೇಮ್ಸ್ ಬುಲಾರ್ಡ್ ಒಂದು ಜಾಣತನ ಮಾಡಿದ್ರು. ಫೆಡ್ ಮೇಲೆ ಎಷ್ಟು ಕರುಣೆ ತೋರಿಸ್ಬಹುದೋ ಅಷ್ಟು ತೋರಿಸಿ ಲೆಕ್ಕ ಹಾಕಿದ್ರು, ಇರೋದ್ರಲ್ಲೇ ಕಮ್ಮಿ ಹಣದುಬ್ಬರದ ಅಳತೆ, ಇರೋದ್ರಲ್ಲೇ ಕಮ್ಮಿ ನ್ಯೂಟ್ರಲ್, ಒಂದೂವರೆ ಬದಲು ಅದಕ್ಕಿಂತ ಮೆತ್ತಗಿನ ಗುಣಕ. ಅಷ್ಟು ಮಾಡಿದ್ರೂ ಮೂರೂವರೆ ಆಸುಪಾಸು ಬಂತು, ರೇಟು ಇದ್ದದ್ದು ಅರ್ಧದ ಹತ್ರ. ಅಂದ್ರೆ ಯಾರ ನಂಬರ್ ಹಾಕಿದ್ರೂ ಫೆಡ್ ಹಿಂದೆ ಬಿದ್ದಿತ್ತು. ಆಮೇಲೆ ಆಗಿದ್ದೇ ಅದು, ನಾಲ್ಕು ಸಲ ಸಾಲಾಗಿ ಮುಕ್ಕಾಲು ಮುಕ್ಕಾಲು ಏರಿಸಿ 2023ರ ಜುಲೈಗೆ 5.25 ರಿಂದ 5.50. ಎಂಟೂವರೆಗೆ ಹೋಗ್ಲೇ ಇಲ್ಲ, ಆದ್ರೆ ಯಾವ ಕಡೆ, ಎಷ್ಟು ಅರ್ಜೆಂಟು ಅನ್ನೋದನ್ನ ರೂಲ್ ಮುಂಚೆನೇ ಹೇಳಿತ್ತು.

ಮೈಸೂರ್ ಮೇಡಂ

ಸತೀಶ್ ಹೇಳಿದ್ದೇ ಇದನ್ನ ಬಳಸೋ ಸರಿಯಾದ ರೀತಿ. ಅದನ್ನೇ ನಮ್ಮ 2022ರ ಏಪ್ರಿಲ್‌ಗೆ ಹಾಕಿ ನೋಡೋಣ. ರೆಪೊ 4.00, ಕೋವಿಡ್ ಕಾಲದ್ದೇ ಇನ್ನೂ ಇತ್ತು. ಆ ತಿಂಗಳ ಸಿಪಿಐ 7.79. ಬುಲೆಟಿನ್‌ನವರ ಅಂದಾಜಿನಲ್ಲಿ ಆ ಹೊತ್ತಿನ ನ್ಯೂಟ್ರಲ್ 0.8ರಿಂದ 1 ಇತ್ತು. ಮಧ್ಯದ 0.9 ಹಾಕಿದ್ರೆ 10.6 ಬರುತ್ತೆ. ಇದು ಕಠಿಣ ಲೆಕ್ಕ.

ಈಗ ಕರುಣೆಯ ಲೆಕ್ಕ. 7.79 ಬಿಡಿ, ಆರ್‌ಬಿಐನವರೇ ಆ ಏಪ್ರಿಲ್‌ನಲ್ಲಿ ವರ್ಷದ ಕೊನೆ ತ್ರೈಮಾಸಿಕಕ್ಕೆ ಕೊಟ್ಟಿದ್ದ ಅಂದಾಜು 5.1, ಅದನ್ನೇ ಹಾಕಿ. ನ್ಯೂಟ್ರಲ್ ಕಮ್ಮಿ ತುದಿ, 0.8. ಗ್ಯಾಪ್ ಮೈನಸ್ 2 ಅಂತ ಹಿಡೀರಿ, ಅದು ನನ್ನ ಊಹೆ, ಉದಾರವಾಗೇ ಹಿಡಿದಿದೀನಿ. 0.8 ಕೂಡಿಸು 5.1 ಕೂಡಿಸು 0.55 ಕಳೆ 1. ಬಂದಿದ್ದು 5.45. ರೆಪೊ 4.00! ಇಷ್ಟು ಮೆತ್ತಗೆ ಕೇಳಿದ್ರೂ ಸುಮಾರು ಒಂದೂವರೆ ಏರಿಸಪ್ಪ ಅಂತಾನೇ ಹೇಳ್ತಿತ್ತು. ಮೇ 4ಕ್ಕೆ ಕ್ಯಾಲೆಂಡರ್‌ನಲ್ಲೇ ಇಲ್ಲದ ಮೀಟಿಂಗ್ ಮಾಡಿ 4.40 ಮಾಡಿದ್ರು, ಜೂನ್‌ಗೆ 4.90, ಆಗಸ್ಟ್‌ಗೆ 5.40. ಅಲ್ಲಿಗೂ ನಿಲ್ಲದೆ 2023ರ ಫೆಬ್ರವರಿಗೆ 6.50. ಅಷ್ಟರಲ್ಲಿ ಸಿಪಿಐ ಸತತ ಮೂರು ತ್ರೈಮಾಸಿಕ 6ರ ಮೇಲಿದ್ದು, ಕಾನೂನಿನಂತೆ ಸರ್ಕಾರಕ್ಕೆ ಕಾರಣ ಬರೆದು ಪತ್ರ ಕೊಡಬೇಕಾಗಿ ಬಂತು.

2025ರ ಡಿಸೆಂಬರ್‌ಗೆ ಬಂದ್ರೆ ಪರಿಸ್ಥಿತಿ ಉಲ್ಟಾ. ಅಕ್ಟೋಬರ್ ತಿಂಗಳ ನಂಬರ್ ಕೇಳಿದ್ರೆ ಐದು ಪರ್ಸೆಂಟಿಗಿಂತ ಜಾಸ್ತಿ ಇಳಿಸು ಅನ್ನುತ್ತೆ, ಮುಂದಿನ ವರ್ಷದ ಅಂದಾಜು ಕೇಳಿದ್ರೆ ಇದ್ದಲ್ಲೇ ಇರು ಅನ್ನುತ್ತೆ, ಕೋರ್ ಕೇಳಿದ್ರೆ ಸ್ವಲ್ಪ ಏರಿಸು ಅನ್ನುತ್ತೆ. 2022ರಲ್ಲಿ ಎಲ್ಲಾ ಬೆರಳೂ ಒಂದೇ ಕಡೆ ತೋರಿಸ್ತಿದ್ವು, ಈಗ ಒಂದೊಂದು ಒಂದೊಂದು ದಿಕ್ಕು. ಇಂಥ ಹೊತ್ತಲ್ಲಿ ರೂಲ್ ಕೈಲಿ ನಿರ್ಧಾರ ಕೊಡಬಾರದು, ಟೇಲರ್ ಕೂಡ ಇದನ್ನ ಯಾಂತ್ರಿಕವಾಗಿ ಅನುಸರಿಸಿ ಅಂತ ಯಾವತ್ತೂ ಹೇಳಿಲ್ಲ.

ಹುಬ್ಬಳ್ಳಿ ಹೈದ

ಮೇಡಂ ಒಂದ್ ಡೌಟು. 2022ರಾಗ ಕಠಿಣ ಲೆಕ್ಕ 10.6 ಅಂತಿತ್ತಲ್ರೀ, ಹಂಗಾದ್ರ ಒಮ್ಮೆಲೆ ಅಷ್ಟು ಯಾಕ ಏರಿಸಂಗಿಲ್ಲ? ಮೆಟ್ಟಲಾ ಮೆಟ್ಟಲಾ ಯಾಕ?

ಮೈಸೂರ್ ಮೇಡಂ

ಅದಕ್ಕೆ ಉತ್ತರ ಸುಬ್ಬಣ್ಣ ಅವರ ಸಾಲದಲ್ಲೇ ಇದೆ, ಅದಕ್ಕೇ ಆಮೇಲೆ ಬರ್ತೀನಿ ಅಂದಿದ್ದು. ಅವರ ಬಡ್ಡಿ 6.7 ಇದ್ದಾಗ ರೆಪೊ 4, ಅಂದ್ರೆ ಬ್ಯಾಂಕಿನ ಸ್ಪ್ರೆಡ್ 2.7. ರೆಪೊ 6.50 ಆದಾಗ ಅವರದ್ದು 9.2. ಆಗ ಬಾಕಿ 29 ಲಕ್ಷ ಇತ್ತು ಅಂದ್ಕೊಂಡ್ರೆ ತಿಂಗಳ ಬಡ್ಡಿನೇ 22,200 ಚಿಲ್ಲರೆ, ಅವರು ಕಟ್ಟೋದು 22,722, ಅಸಲಿಗೆ ಹೋಗೋದು ಐನೂರು ರೂಪಾಯಿ ಆಸುಪಾಸು. ರೆಪೊ 10.6 ಮಾಡಿದ್ದಿದ್ರೆ 13.3, ಬಡ್ಡಿನೇ 32 ಸಾವಿರ ದಾಟ್ತಿತ್ತು. ಇಂಥ ಲಕ್ಷಾಂತರ ಸುಬ್ಬಣ್ಣಂದಿರು ಇದ್ದಾರೆ, ಒಂದೇ ಏಟಿಗೆ ಬ್ಯಾಂಕುಗಳ ಸಾಲವೇ ಕೆಡುತ್ತೆ. ಆಮೇಲೆ B2 ಆರಿಸಿದ್ದೇ ತಪ್ಪಾಗಿದ್ರೆ ಮುಂದಿನ ತಿಂಗಳು ವಾಪಸ್ ಇಳಿಸ್ಬೇಕು, ಕೋಲಾರದವರ ಟೊಮೆಟೊ ಕಥೆ.

ಅದಕ್ಕೆ ಸಂಶೋಧಕರು ರೂಲಿಗೆ ಇನ್ನೊಂದು ಸಾಲು ಸೇರಿಸ್ತಾರೆ, ಹಳೇ ರೇಟಿಗೆ 0.8 ತೂಕ, ರೂಲ್ ಹೇಳೋ ರೇಟಿಗೆ 0.2 ತೂಕ ಅನ್ನೋ ತರ. 4ರ 0.8 ಅಂದ್ರೆ 3.2, 10.6ರ 0.2 ಅಂದ್ರೆ 2.1, ಸೇರಿಸಿದ್ರೆ 5.3. ಮೂರು ತಿಂಗಳಲ್ಲಿ ಅಲ್ಲಿಗೆ ಹೋಗು, ಆಮೇಲೆ ಹೊಸ ನಂಬರ್ ನೋಡು ಅಂತ. ಆರ್‌ಬಿಐ ನಿಜವಾಗಿ ನಡೆದಿದ್ದು ಇದಕ್ಕೇ ಹತ್ರ. ಆ 0.8 ಎಲ್ಲಿಂದ ಬಂತು ಅಂದ್ರೆ, ಕೇಂದ್ರ ಬ್ಯಾಂಕುಗಳು ಹಿಂದೆ ನಡೆದ ರೀತಿಗೆ ಹೊಂದೋ ತರ ಹಾಕಿದ್ದು. ಅದು ಜಾಣತನವೋ ಬರೀ ನಿಧಾನವೋ ಅಂತ ಜಗಳ ಇವತ್ತಿಗೂ ಇದೆ.

ಕುಂದಾಪ್ರ ಭಟ್ರು

ಸುಬ್ಬಣ್ಣನವರೇ, ನಿಮ್ಮ ಇಎಂಐ ಇಳಿಯದ ಗುಟ್ಟು ನಾನು ಹೇಳ್ತೇನೆ. ನಿಮ್ಮದು ರೆಪೊಗೆ ಕಟ್ಟಿದ ಸಾಲ, ಮೂರು ತಿಂಗಳಿಗೊಮ್ಮೆಯಾದ್ರೂ ಬಡ್ಡಿ ಬದಲಾಗಲೇಬೇಕು. ಈಗ ಬಡ್ಡಿ 8ರ ಹತ್ರ ಬಂದಿರ್ತದೆ. ಏರುವಾಗ ಇಎಂಐ ಮುಟ್ಟದೆ ಅವಧಿ ಎಳೆದಿದ್ದಾರೆ, ಇಳಿಯುವಾಗ ಅವಧಿ ಕುಗ್ಗಿಸ್ತಿದ್ದಾರೆ. ಇಎಂಐ ನೋಡಬೇಡಿ, ಸ್ಟೇಟ್‌ಮೆಂಟಿನಲ್ಲಿ ಬಾಕಿ ಕಂತು ಎಷ್ಟು ಅಂತ ನೋಡಿ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಹೇಳಿದ ಪ್ರಕಾರ ಇಎಂಐ ಬೇಕಾ ಅವಧಿ ಬೇಕಾ ಅಂತ ಆರಿಸುವ ಅವಕಾಶ ನಿಮಗೆ ಕೊಡಬೇಕು. ಬ್ರಾಂಚಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ, ಬಾಯಿ ಮಾತು ಬೇಡ.

ಸಾಲದ ಸುಬ್ಬಣ್ಣ

ಭಟ್ರೇ, ಈಗ ಆ್ಯಪ್ ತೆಗೆದು ನೋಡ್ದೆ. 2021ರಲ್ಲಿ 240 ಕಂತು ಅಂತ ತಗೊಂಡಿದ್ದು. ನಾಲ್ಕು ವರ್ಷ ಕಟ್ಟಿದೀನಿ. ಈಗ ಬಾಕಿ 283 ಅಂತ ತೋರಿಸ್ತಿದೆ. ನನಗೆ 51 ವರ್ಷ. ಒಂದ್ ನಿಮಿಷ ನೀರು ಕುಡಿದು ಬರ್ತೀನಿ.

ಕೋಲಾರ ಮಂಡಿ

ಅಣ್ಣ ಧೈರ್ಯ ತಗೊಳ್ಳಿ. ಕೈಲಿ ಸ್ವಲ್ಪ ದುಡ್ಡು ಸೇರಿದಾಗ ಅಸಲಿಗೆ ಕಟ್ಟಿ, ರೆಪೊಗೆ ಕಾಯ್ಬೇಡಿ.

ಮಲ್ಲೇಶ್ವರಂ ಮಂಜು

ನಾನು ಶೀಟನ್ನ ಬದಲಾಯಿಸ್ದೆ. ಒಂದು ಉತ್ತರದ ಬದಲು ಈಗ ಒಂಬತ್ತು ಉತ್ತರ, ಮೂರು ತರದ ಹಣದುಬ್ಬರ, ಮೂರು ತರದ ನ್ಯೂಟ್ರಲ್. ಒಂಬತ್ತೂ ರೆಪೊಗಿಂತ ಒಂದೇ ಕಡೆ ಇದ್ರೆ ಸಾಲು ಕೆಂಪಾಗೋ ತರ ಮಾಡಿದೀನಿ. 2022ರ ಏಪ್ರಿಲ್ ಪೂರ್ತಿ ಕೆಂಪು. 2023ರ ಜುಲೈ ಪೂರ್ತಿ ಕೆಂಪಾಗಲಿಲ್ಲ. ಈ ಡಿಸೆಂಬರ್ ಅರ್ಧ ಆ ಕಡೆ ಅರ್ಧ ಈ ಕಡೆ. ಫೆಬ್ರವರಿ ಮೀಟಿಂಗಲ್ಲಿ ಏನ್ ಮಾಡ್ತಾರೆ ಅಂತ ಶೀಟ್ ಹೇಳ್ತಿಲ್ಲ, ಆದ್ರೂ ನನಗೆ ಇನ್ನೊಂದು ಕಾಲು ಇಳಿಸ್ತಾರೆ ಅನ್ಸುತ್ತೆ.

ಮೈಸೂರ್ ಮೇಡಂ

ನನಗೆ ನಿಲ್ಲಿಸ್ತಾರೆ ಅನ್ಸುತ್ತೆ. ಅವರದ್ದೇ ಅಂದಾಜು ಮುಂದಿನ ಜುಲೈ ಹೊತ್ತಿಗೆ 4ಕ್ಕೆ ಬರುತ್ತೆ ಅಂತಿದೆ, ಆ 4 ಹಾಕಿದ್ರೆ ರೂಲ್ ಹೇಳೋ 5.5ಕ್ಕಿಂತ 5.25 ಆಗಲೇ ಒಂಚೂರು ಕೆಳಗಿದೆ.

ಹುಬ್ಬಳ್ಳಿ ಹೈದ

ನಾನು ಮಂಜಣ್ಣನ ಕಡೆ. ಆ ಅಂದಾಜು ಎಷ್ಟು ಸಲ ಉಲ್ಟಾ ಹೊಡದೈತಿ ಅಂತ ನೋಡ್ರಿ ಮೇಡಂ, ಈ ವರ್ಷನ ಪ್ರತಿ ಮೀಟಿಂಗಿಗೂ ಕೆಳಗ ಕೆಳಗ ತಂದಾರ. ಸೋತವ್ರು ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ಕೊಡಿಸ್ಬೇಕು.

ಕುಂದಾಪ್ರ ಭಟ್ರು

ನಾನು ಮೇಡಂ ಕಡೆ. ಕಾರಣ ಕೇಳಬೇಡಿ, ನನ್ನ ಎಫ್‌ಡಿ ಮಾರ್ಚಿನಲ್ಲಿ ರಿನೀವಲ್‌ಗೆ ಬರ್ತದೆ.